ಒಗ್ಗದ ಕ್ರೀಮ್, ಕಂಪನಿಗೊಂದು ಪತ್ರ

(ಚರ್ಮರೋಗ ವೈದ್ಯೆಯೊಬ್ಬರು ಸಾರ್ವಜನಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಹೊಸ ಕ್ರೀಮ್ ಹಚ್ಚಿಕೊಂಡು ಮುಖ ಊದಿಸಿಕೊಂಡವರು ನನ್ನಲ್ಲಿಗೆ ಬಂದಾಗ, ಊತ ಇಳಿಸುವ ಔಷಧ ಬರೆದುಕೊಡುವುದು ಸುಲಭದ ಕೆಲಸ. ಕಷ್ಟವಿರುವುದು ಆಮೇಲಿನ ಪ್ರಶ್ನೆಯಲ್ಲಿ. ಆ ಕ್ರೀಮಿನಲ್ಲಿರುವ ಯಾವ ವಸ್ತು ಇದನ್ನು ಮಾಡಿತು? ಅದು ಗೊತ್ತಾಗದಿದ್ದರೆ, ಈ ಡಬ್ಬಿಯನ್ನು ಎಸೆದವರು ಮುಂದಿನ ತಿಂಗಳು ಕೊಳ್ಳುವ ಇನ್ನೊಂದು ಡಬ್ಬಿಯಲ್ಲೂ ಅದೇ ವಸ್ತು ಇರಬಹುದು. ಉತ್ತರದ ಒಂದು ಭಾಗ ಚರ್ಮದ ಮೇಲೆ ಸಿಗುತ್ತದೆ. ಇನ್ನೊಂದು ಭಾಗ ಕ್ರೀಮ್ ತಯಾರಿಸಿದವರ ಕಡತದಲ್ಲಿದೆ. ಆ ಕಡತ ತೆರೆಸಲು ಬಳಕೆದಾರರ ಕೈಯಲ್ಲಿರುವ ಸಾಧನ ಒಂದೇ, ಸರಿಯಾಗಿ ಬರೆದ ದೂರಿನ ಪತ್ರ.

ಬಹಳಷ್ಟು ಜನ ಈ ಪತ್ರವನ್ನು ದುಡ್ಡು ವಾಪಸ್ ಕೇಳಲು ಬರೆಯುತ್ತಾರೆ. ದುಡ್ಡು ಕೇಳಲೇಬೇಕು, ಅದು ನ್ಯಾಯ. ಆದರೆ ದುಡ್ಡು ಮಾತ್ರ ಕೇಳಿದರೆ ದುಡ್ಡು ಮಾತ್ರ ಬರುತ್ತದೆ. ಕಂಪನಿಗೂ ಅದೇ ಅನುಕೂಲ, ವಿಷಯ ಅಲ್ಲಿಗೆ ಮುಗಿಯುತ್ತದೆ. ಮಾಹಿತಿಯನ್ನು ಹೇಗೆ ಕೇಳಬೇಕು, ಅದರಲ್ಲೂ ಲೇಬಲ್‌ನಲ್ಲಿ ಇಲ್ಲದ ಮಾಹಿತಿಯನ್ನು ಹೇಗೆ ಕೇಳಬೇಕು ಎಂಬುದನ್ನೇ ಇಂದು ಹೆಚ್ಚು ಹೇಳುತ್ತೇನೆ. ಅದಕ್ಕೆ ಒಬ್ಬ ಶಿಕ್ಷಕಿಯ ಪ್ರಕರಣವನ್ನು ತೆಗೆದುಕೊಂಡಿದ್ದೇನೆ. ಅವರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಅವರು ಮುಖಕ್ಕೆ ಹಚ್ಚುವ ರಾತ್ರಿಯ ಕ್ರೀಮ್ ಒಂದನ್ನು ಕೊಂಡಿದ್ದರು. ಡಬ್ಬಿಯ ಮೇಲೆ ಲೋಳೆಸರದ ಚಿತ್ರವಿತ್ತು, ಚರ್ಮತಜ್ಞರಿಂದ ಪರೀಕ್ಷಿತ ಎಂಬ ಸಾಲೂ ಇತ್ತು. 3ನೇ ತಾರೀಖು ರಾತ್ರಿ ಮೊದಲ ಸಲ ಹಚ್ಚಿದರು, ಏನೂ ಆಗಲಿಲ್ಲ. 4ರ ರಾತ್ರಿ ಮತ್ತೆ ಹಚ್ಚಿದರು. 5ರ ಬೆಳಿಗ್ಗೆ ಮೇಲಿನ ರೆಪ್ಪೆಗಳಲ್ಲಿ ತುರಿಕೆ ಶುರುವಾಯಿತು. ಆ ರಾತ್ರಿ ಹಚ್ಚಲಿಲ್ಲ. ಆದರೂ 6ರ ಬೆಳಿಗ್ಗೆ ಏಳುವಾಗ ರೆಪ್ಪೆಗಳು ಊದಿಕೊಂಡಿದ್ದವು, ಕೆನ್ನೆಯ ಮೇಲೆ ಕೆಂಪಾಗಿ ಸಣ್ಣ ಗುಳ್ಳೆಗಳೆದ್ದಿದ್ದವು. 7ಕ್ಕೆ ನನ್ನಲ್ಲಿಗೆ ಬಂದರು. ಮುಖ ಪೂರ್ತಿ ಮೊದಲಿನಂತಾಗಲು 16ನೇ ತಾರೀಖಾಯಿತು.

ಈ ತಾರೀಖುಗಳನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣವಿದೆ. ದೂರಿನ ಪತ್ರದಲ್ಲಿ ಅತಿ ಹೆಚ್ಚು ಮಾತನಾಡುವುದು ಇವೇ. ಕ್ರೀಮ್ ಹಚ್ಚಿದ ಕೆಲವೇ ನಿಮಿಷಗಳಲ್ಲಿ ಉರಿ, ಚುಚ್ಚಿದ ಅನುಭವ ಆಗಿ, ತೊಳೆದ ಮೇಲೆ ಬೇಗ ಕಡಿಮೆಯಾದರೆ ಅದು ಸಾಮಾನ್ಯವಾಗಿ ಕೆರಳಿಕೆ. ಆಮ್ಲಗುಣದ ಕ್ರೀಮ್‌ಗಳು, ಸುಕ್ಕು ಹೋಗಿಸುತ್ತೇವೆನ್ನುವ ರೆಟಿನಾಲ್ ಇರುವಂಥವು ಹೀಗೆ ಮಾಡುತ್ತವೆ. ಪ್ರಮಾಣ ಹೆಚ್ಚಾದರೆ ಯಾರ ಚರ್ಮವಾದರೂ ಕೆರಳಬಹುದು. ಅಲರ್ಜಿಯ ನಡೆ ಬೇರೆ. ಹಚ್ಚಿದಾಗ ಸುಮ್ಮನಿರುತ್ತದೆ, ಒಂದರಿಂದ ಮೂರು ದಿನದೊಳಗೆ ತುರಿಕೆಯೊಂದಿಗೆ ಏಳುತ್ತದೆ, ಹಚ್ಚುವುದನ್ನು ನಿಲ್ಲಿಸಿದ ಮೇಲೂ ಒಂದೆರಡು ದಿನ ಏರುತ್ತಲೇ ಹೋಗುತ್ತದೆ. ದೇಹದ ರಕ್ಷಣಾ ಕಣಗಳು ಆ ವಸ್ತುವನ್ನು ಗುರುತಿಸಿ ಜಮಾಯಿಸಲು ಅಷ್ಟು ಹೊತ್ತು ಬೇಕು. ಇನ್ನು ಹಚ್ಚಿದ ಕೂಡಲೇ ತುಟಿ, ನಾಲಿಗೆ ಊದಿಕೊಂಡರೆ, ಉಸಿರು ಕಟ್ಟಿದಂತಾದರೆ ಅದು ಮೂರನೆಯ ಬಗೆ. ಆಗ ಪತ್ರದ ಮಾತೇ ಇಲ್ಲ, ಆಸ್ಪತ್ರೆಗೆ ಓಡಬೇಕು.

ಶಿಕ್ಷಕಿಯದು ಎರಡನೆಯ ಬಗೆಯೆಂದು ತಾರೀಖುಗಳೇ ಹೇಳುತ್ತವೆ. ಅವು ಇನ್ನೂ ಒಂದು ಸಂಗತಿ ಹೇಳುತ್ತವೆ. ಒಂದು ವಸ್ತುವಿಗೆ ಮೊದಲ ಸಲ ಅಲರ್ಜಿ ಹುಟ್ಟಲು ಸಾಮಾನ್ಯವಾಗಿ ಹತ್ತು ದಿನಗಳಾದರೂ ಬೇಕು, ಕೆಲವೊಮ್ಮೆ ವರ್ಷಗಳೇ ಹಿಡಿಯುತ್ತವೆ. ಇವರಿಗೆ ಎರಡನೆಯ ದಿನವೇ ತುರಿಕೆ ಬಂದಿದೆ. ಎಂದರೆ ಕ್ರೀಮ್ ಹೊಸದಾದರೂ ಅದರೊಳಗಿನ ಯಾವುದೋ ಒಂದು ವಸ್ತು ಅವರ ಚರ್ಮಕ್ಕೆ ಹಳೆಯ ಪರಿಚಯ. ಮನೆಯಲ್ಲಿರುವ ಇನ್ನಾವುದೋ ಸೀಸೆಯಲ್ಲಿ ಅದು ಈಗಲೂ ಇರಬಹುದು. ಹಾಗಾಗಿ ಆ ವಸ್ತುವಿನ ಹೆಸರು ತಿಳಿಯುವುದು ಅವರಿಗೆ ಡಬ್ಬಿಯ ದುಡ್ಡಿಗಿಂತ ಹೆಚ್ಚಿನ ಅಗತ್ಯವಾಗಿತ್ತು.

ಅವರು ಆಗಲೇ ಒಂದು ಪತ್ರ ಬರೆದು ತಂದಿದ್ದರು. “ನಿಮ್ಮ ವಿಷದಂಥ ಕ್ರೀಮಿನಿಂದ ನನ್ನ ಮುಖ ಹಾಳಾಯಿತು, ಜನರ ಜೀವದ ಜೊತೆ ಆಟವಾಡುತ್ತಿದ್ದೀರಿ, ಕೂಡಲೇ ಹಣ ಹಿಂತಿರುಗಿಸಿ” ಎಂದು ಶುರುವಾಗಿತ್ತು. ಅವರ ಸಿಟ್ಟು ಸಹಜ. ಊದಿದ ಮುಖ ಹೊತ್ತು ಮಕ್ಕಳ ಎದುರು ನಿಂತು ಪಾಠ ಮಾಡಬೇಕಾದವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಆ ಪತ್ರದಲ್ಲಿ ಕ್ರೀಮಿನ ಪೂರ್ತಿ ಹೆಸರಿರಲಿಲ್ಲ, ಬ್ಯಾಚ್ ಸಂಖ್ಯೆ ಇರಲಿಲ್ಲ, ಒಂದು ತಾರೀಖೂ ಇರಲಿಲ್ಲ. ಅಂಥ ಪತ್ರ ತಲುಪುವುದು ಗ್ರಾಹಕ ಸೇವೆಯ ಮೇಜಿಗೆ. ಅಲ್ಲಿರುವವರು ಕ್ಷಮೆ ಕೇಳಬಲ್ಲರು, ಹಣ ಮಂಜೂರು ಮಾಡಿಸಬಲ್ಲರು. ಕ್ರೀಮಿನ ಸೂತ್ರ ಗೊತ್ತಿರುವವರು ಸುರಕ್ಷತಾ ವಿಭಾಗದಲ್ಲಿರುತ್ತಾರೆ. ಪತ್ರ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಬೇಕಾದರೆ ಅದರಲ್ಲಿ ವೈದ್ಯಕೀಯ ವಿವರ ಇರಬೇಕು, ಮತ್ತು ‘ಇದನ್ನು ಸುರಕ್ಷತಾ ವಿಭಾಗಕ್ಕೆ ಕಳುಹಿಸಿ’ ಎಂಬ ಸ್ಪಷ್ಟ ಕೋರಿಕೆ ಇರಬೇಕು. ಕಂಪನಿಗಳಿಗೂ ಇದು ಕಡ್ಡಾಯದ ವಿಷಯ. ಐರೋಪ್ಯ ಒಕ್ಕೂಟದಲ್ಲಿ ಸೌಂದರ್ಯವರ್ಧಕಗಳಿಂದಾದ ಗಂಭೀರ ತೊಂದರೆಗಳನ್ನು 20 ದಿನದೊಳಗೆ ಅಧಿಕಾರಿಗಳಿಗೆ ತಿಳಿಸಬೇಕೆಂಬ ನಿಯಮವಿದೆ. ಅಮೆರಿಕದಲ್ಲಿ 2022ರ ಕಾಯ್ದೆ ಇದಕ್ಕೆ 15 ಕೆಲಸದ ದಿನಗಳ ಗಡುವು ಹಾಕಿದೆ. ಇಂಥ ವ್ಯವಸ್ಥೆ ಇಟ್ಟುಕೊಂಡಿರುವ ಕಂಪನಿಗೆ ತಾರೀಖು, ಬ್ಯಾಚ್, ವೈದ್ಯರ ಟಿಪ್ಪಣಿ ಇರುವ ಪತ್ರ ಬಂದರೆ ಅದು ದಾಖಲೆಯಾಗುತ್ತದೆ. ಬೈಗುಳ ಮಾತ್ರ ಇದ್ದರೆ ದಾಖಲಿಸಲು ಏನೂ ಇರುವುದಿಲ್ಲ.

ಇಬ್ಬರೂ ಕೂತು ಪತ್ರವನ್ನು ಮತ್ತೆ ಬರೆದೆವು. ಅದರ ಮುಖ್ಯ ಭಾಗ ಹೀಗಿತ್ತು:

“ಮಾನ್ಯರೇ,

ನಿಮ್ಮ ಕಂಪನಿಯ ರಾತ್ರಿಯ ಕ್ರೀಮನ್ನು (ಪೂರ್ತಿ ಹೆಸರು, ಡಬ್ಬಿಯ ಅಳತೆ, ತಳದಲ್ಲಿ ಅಚ್ಚಾಗಿರುವ ಬ್ಯಾಚ್ ಸಂಖ್ಯೆ ಮತ್ತು ಅವಧಿ ಮುಗಿಯುವ ದಿನಾಂಕ ಇಲ್ಲಿ) ನಾನು 2ನೇ ತಾರೀಖು ಕೊಂಡೆ. ಡಬ್ಬಿಯ ಸೀಲ್ ಸರಿಯಾಗಿತ್ತು. 3 ಮತ್ತು 4ರ ರಾತ್ರಿ ಮುಖ ತೊಳೆದ ಮೇಲೆ, ಕಡಲೆಕಾಳಿನಷ್ಟು ಪ್ರಮಾಣವನ್ನು ಮುಖಕ್ಕೆಲ್ಲ ಹಚ್ಚಿಕೊಂಡೆ. ಹಚ್ಚುವಾಗ ಉರಿಯಾಗಲಿಲ್ಲ. 5ರ ಬೆಳಿಗ್ಗೆ ರೆಪ್ಪೆಗಳಲ್ಲಿ ತುರಿಕೆ ಶುರುವಾಯಿತು. ಅಂದಿನಿಂದ ಕ್ರೀಮ್ ಬಳಸಿಲ್ಲ. 6ರ ಬೆಳಿಗ್ಗೆ ರೆಪ್ಪೆಗಳು ಊದಿಕೊಂಡು ಕೆನ್ನೆಯಲ್ಲಿ ಗುಳ್ಳೆಗಳೆದ್ದವು. 7ರಂದು ಚರ್ಮರೋಗ ವೈದ್ಯರು ಪರೀಕ್ಷಿಸಿ ಸಂಪರ್ಕದಿಂದಾದ ಅಲರ್ಜಿಯ ಶಂಕೆ ಎಂದು ದಾಖಲಿಸಿದ್ದಾರೆ.

ಆ ದಿನಗಳಲ್ಲಿ ನಾನು ಬಳಸುತ್ತಿದ್ದ ಇತರ ವಸ್ತುಗಳು: ಎರಡು ವರ್ಷದಿಂದ ಬಳಸುತ್ತಿರುವ ಸೋಪು ಮತ್ತು ಶಾಂಪೂ, ಮುಖ ಒರೆಸುವ ಒದ್ದೆ ಟಿಶ್ಯೂ. ಉಗುರು ಬಣ್ಣ, ಕೂದಲ ಬಣ್ಣ ಬಳಸಿಲ್ಲ. ಹಿಂದೆ ಯಾವ ಕ್ರೀಮಿನಿಂದಲೂ ನನಗೆ ಹೀಗಾಗಿಲ್ಲ.

ನನ್ನ ಕೋರಿಕೆಗಳು: ಈ ಬ್ಯಾಚಿನಲ್ಲಿ ಬಳಸಿದ ಎಲ್ಲ ಘಟಕಾಂಶಗಳ ಪೂರ್ತಿ ಪಟ್ಟಿಯನ್ನು ಕಳುಹಿಸಿ. ಲೇಬಲ್‌ನಲ್ಲಿ ಪರ್ಫ್ಯೂಮ್ ಎಂದಷ್ಟೇ ಬರೆದಿರುವುದರಲ್ಲಿ ಏನೇನಿದೆ ಎಂಬುದನ್ನು ನನಗಾಗಲಿ, ಗೋಪ್ಯವೆನಿಸಿದರೆ ನೇರವಾಗಿ ನನ್ನ ವೈದ್ಯರಿಗಾಗಲಿ ತಿಳಿಸಿ. ಈ ಕ್ರೀಮಿನ ಸೂತ್ರ ಇತ್ತೀಚೆಗೆ ಬದಲಾಗಿದೆಯೇ, ಇದೇ ಬ್ಯಾಚಿನ ಬಗ್ಗೆ ಬೇರೆ ದೂರುಗಳು ಬಂದಿವೆಯೇ ಎಂದು ತಿಳಿಸಿ. ಕ್ರೀಮಿನ ಬೆಲೆಯನ್ನು ಹಿಂತಿರುಗಿಸಿ. ಈ ಪತ್ರವನ್ನು ನಿಮ್ಮ ಸುರಕ್ಷತಾ ವಿಭಾಗಕ್ಕೆ ಕಳುಹಿಸಿ, ದೂರಿನ ಸಂಖ್ಯೆಯನ್ನು ನನಗೆ ತಿಳಿಸಬೇಕೆಂದು ಕೋರುತ್ತೇನೆ. ಎರಡು ವಾರದೊಳಗೆ ಉತ್ತರವನ್ನು ನಿರೀಕ್ಷಿಸುತ್ತೇನೆ. ಡಬ್ಬಿ ಹಾಗೂ ಉಳಿದ ಕ್ರೀಮ್ ನನ್ನ ಬಳಿಯಿದೆ. ವೈದ್ಯಕೀಯ ಪರೀಕ್ಷೆಗೆ ಅದು ಬೇಕಿರುವುದರಿಂದ ಸದ್ಯ ಕಳುಹಿಸಲಾರೆ. ರಸೀದಿಯ ಪ್ರತಿ, ಡಬ್ಬಿಯ ನಾಲ್ಕೂ ಬದಿಯ ಚಿತ್ರಗಳು, 6ರ ಬೆಳಿಗ್ಗೆ ತೆಗೆದ ಮುಖದ ಚಿತ್ರ ಮತ್ತು ವೈದ್ಯರ ಟಿಪ್ಪಣಿಯನ್ನು ಲಗತ್ತಿಸಿದ್ದೇನೆ.”

ಇಷ್ಟೇ. ಇದರಲ್ಲಿ ‘ನಿಮ್ಮ ಕ್ರೀಮ್ ನನ್ನ ಮುಖ ಹಾಳುಮಾಡಿತು’ ಎಂಬ ವಾಕ್ಯವೇ ಇಲ್ಲ ಎಂಬುದನ್ನು ಗಮನಿಸಿ. ಹಚ್ಚಿದೆ, ಹೀಗಾಯಿತು, ವೈದ್ಯರು ಹೀಗೆ ಶಂಕಿಸಿದರು ಎಂದಿದೆ. ಪರೀಕ್ಷೆ ಆಗುವವರೆಗೆ ಅದಕ್ಕಿಂತ ಹೆಚ್ಚು ನಮಗೂ ಗೊತ್ತಿರಲಿಲ್ಲ, ಮತ್ತು ಗೊತ್ತಿಲ್ಲದ್ದನ್ನು ಬರೆಯದ ಪತ್ರವನ್ನು ತಳ್ಳಿಹಾಕುವುದು ಕಷ್ಟ.

ಇತರ ವಸ್ತುಗಳ ಪಟ್ಟಿ ಕೊಡಲು ಶಿಕ್ಷಕಿ ಹಿಂಜರಿದರು. “ಡಾಕ್ಟ್ರೇ, ಟಿಶ್ಯೂ ವಿಷಯ ಬರೆದರೆ ಅವರು ಅದರ ಮೇಲೆಯೇ ಹಾಕಿ ನುಣುಚಿಕೊಳ್ಳುವುದಿಲ್ಲವೇ?” ಎಂದು ಕೇಳಿದರು. ಬಹಳ ಜನರಿಗೆ ಈ ಅಳುಕಿದೆ. ಆದರೆ ದೂರು ಓದುವ ತಜ್ಞರು ಮೊದಲು ಕೇಳುವ ಪ್ರಶ್ನೆಯೇ ಅದು. ಬರೆಯದಿದ್ದರೆ ಅದನ್ನು ಕೇಳಿ ಇನ್ನೊಂದು ಪತ್ರ ಬರುತ್ತದೆ, ಎರಡು ವಾರ ಹೋಗುತ್ತದೆ. ರೆಪ್ಪೆಯ ಚರ್ಮ ತೀರಾ ತೆಳುವಾದದ್ದರಿಂದ ತಲೆಗೆ ಹಾಕಿದ ಬಣ್ಣ, ಉಗುರಿಗೆ ಹಚ್ಚಿದ ಬಣ್ಣ ಕೂಡ ಅಲ್ಲಿ ಅಲರ್ಜಿ ತೋರಿಸುವುದುಂಟು. ಹಾಗಾಗಿ ‘ಉಗುರು ಬಣ್ಣ ಬಳಸಿಲ್ಲ’ ಎಂಬ ಸಣ್ಣ ವಾಕ್ಯವೂ ಅಲ್ಲಿ ಕೆಲಸ ಮಾಡುತ್ತದೆ. ಟಿಶ್ಯೂವಿನ ಮಾತನ್ನು ಮರೆಯಬೇಡಿ, ಅದು ಮುಂದೆ ಮತ್ತೆ ಬರುತ್ತದೆ.

ಹತ್ತು ದಿನದಲ್ಲಿ ಉತ್ತರ ಬಂತು. ನಿಮ್ಮಲ್ಲಿ ಯಾರಾದರೂ ದೂರು ಬರೆದವರಿದ್ದರೆ ಇಂಥ ಉತ್ತರವನ್ನು ಓದಿರುತ್ತೀರಿ. ‘ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ. ನಮ್ಮ ಉತ್ಪನ್ನಗಳು ಸಸ್ಯಮೂಲದವು, ಚರ್ಮತಜ್ಞರಿಂದ ಪರೀಕ್ಷಿತ. ಎಲ್ಲ ಘಟಕಾಂಶಗಳನ್ನೂ ಲೇಬಲ್‌ನಲ್ಲಿ ನಮೂದಿಸಲಾಗಿದೆ. ಡಬ್ಬಿಯನ್ನು ಕಳುಹಿಸಿಕೊಟ್ಟರೆ ಪೂರ್ತಿ ಹಣ ಹಿಂತಿರುಗಿಸುತ್ತೇವೆ.’ ಜೊತೆಗೆ ಸಹಿ ಹಾಕಿ ಕಳುಹಿಸಲು ಒಂದು ಹಾಳೆ.

ಈ ಉತ್ತರವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಸಸ್ಯಮೂಲ ಎಂದ ಮಾತ್ರಕ್ಕೆ ಅಲರ್ಜಿ ಆಗುವುದಿಲ್ಲ ಎಂದಲ್ಲ. ಸುಗಂಧ ತೈಲಗಳು ಸಸ್ಯದಿಂದಲೇ ಬರುತ್ತವೆ, ಅಲರ್ಜಿ ತರುವ ವಸ್ತುಗಳ ಸಾಲಿನಲ್ಲಿ ಅವು ಮುಂದೆಯೇ ನಿಲ್ಲುತ್ತವೆ. ಚರ್ಮತಜ್ಞರಿಂದ ಪರೀಕ್ಷಿತ ಎಂಬುದಕ್ಕೆ ಎಲ್ಲೆಡೆ ಒಪ್ಪಿದ ಒಂದೇ ಅಳತೆಗೋಲಿಲ್ಲ. ಎಷ್ಟು ಜನರ ಮೇಲೆ, ಎಷ್ಟು ದಿನ, ಹೇಗೆ ಪರೀಕ್ಷಿಸಿದರು ಎಂಬುದು ಆ ಎರಡು ಪದಗಳಿಂದ ತಿಳಿಯುವುದಿಲ್ಲ. ಆ ಪರೀಕ್ಷೆ ಪ್ರಾಮಾಣಿಕವಾಗಿ ನಡೆದಿದ್ದರೂ, ಸಾವಿರದಲ್ಲಿ ಒಬ್ಬರಿಗೆ ಆಗದ ವಸ್ತು ನೂರು ಜನರ ಪರೀಕ್ಷೆಯಲ್ಲಿ ಕಾಣದೇ ಹೋಗಬಹುದು.

ಡಬ್ಬಿ ಕಳುಹಿಸಿ ಎಂಬುದರ ಬಗ್ಗೆ ನನ್ನ ಅಭಿಪ್ರಾಯ ಕಟುವಾಗಿದೆ. ಕಳುಹಿಸಬೇಡಿ. ಕಂಪನಿಗೆ ಪರೀಕ್ಷಿಸಲು ಮಾದರಿ ಬೇಕಿದ್ದರೆ ಒಂದು ಚಮಚೆಯಷ್ಟನ್ನು ಶುಚಿಯಾದ ಪುಟ್ಟ ಡಬ್ಬಿಯಲ್ಲಿ ಹಾಕಿ ಕಳುಹಿಸಬಹುದು. ಅದೇ ಬ್ಯಾಚಿನ ಮಾದರಿಗಳನ್ನು ತಮ್ಮಲ್ಲೂ ತೆಗೆದಿಡುವುದು ತಯಾರಕರ ರೂಢಿ. ನಿಮ್ಮ ಕೈಯಲ್ಲಿರುವ ಡಬ್ಬಿ ಮಾತ್ರ ನಿಮಗಿರುವ ಏಕೈಕ ಸಾಕ್ಷಿ, ವೈದ್ಯರಿಗೆ ಪರೀಕ್ಷೆಯ ಸಾಮಗ್ರಿಯೂ ಅದೇ. ಹಣಕ್ಕಾಗಿ ಡಬ್ಬಿಯನ್ನು ಕೊಡಲೇಬೇಕೆಂದು ಹಟ ಹಿಡಿದರೆ, ಪರೀಕ್ಷೆ ಮುಗಿದ ಮೇಲೆ ಕೊಡುತ್ತೇವೆ ಎಂದು ಬರೆಯಿರಿ.

ಸಹಿ ಹಾಕಬೇಕಾದ ಹಾಳೆಯನ್ನು ಓದಿದೆವು. ‘ಈ ಮೊತ್ತವನ್ನು ಪಡೆದ ಮೇಲೆ ಸದರಿ ಉತ್ಪನ್ನದ ಕುರಿತು ನನಗೆ ಯಾವ ತಕರಾರೂ ಇರುವುದಿಲ್ಲ’ ಎಂಬ ಸಾಲು ಅದರಲ್ಲಿತ್ತು. ಒಂದು ಡಬ್ಬಿಯ ಬೆಲೆಗೆ ಮಾಹಿತಿ ಕೇಳುವ ಹಕ್ಕು, ಚಿಕಿತ್ಸೆಯ ಖರ್ಚು ಕೇಳುವ ಹಕ್ಕು ಎಲ್ಲವನ್ನೂ ಬಿಟ್ಟುಕೊಟ್ಟಂತೆ. ಶಿಕ್ಷಕಿ ಆ ಸಾಲನ್ನು ಹೊಡೆದುಹಾಕಿ, ‘ಕ್ರೀಮಿನ ಬೆಲೆ ಸಂದಿದೆ. ಘಟಕಾಂಶಗಳ ಕುರಿತ ನನ್ನ ಕೋರಿಕೆ ಬಾಕಿ ಇದೆ’ ಎಂದು ಕೈಯಲ್ಲಿ ಬರೆದು ಸಹಿ ಹಾಕಿದರು. ಹಣ ಬಂತು.

ಈಗ ಲೇಬಲ್‌ನ ವಿಷಯ. ‘ಎಲ್ಲವೂ ಲೇಬಲ್‌ನಲ್ಲಿದೆ’ ಎಂದು ಕಂಪನಿ ಬರೆದದ್ದು ನಿಯಮದ ದೃಷ್ಟಿಯಿಂದ ಸುಳ್ಳಲ್ಲ, ರೋಗಿಯ ದೃಷ್ಟಿಯಿಂದ ಸಾಲದು. ಲೇಬಲ್‌ನಲ್ಲಿ ಹೆಸರುಗಳು ಪ್ರಮಾಣದ ಇಳಿಕೆ ಕ್ರಮದಲ್ಲಿರುತ್ತವೆ, ಹೆಚ್ಚಿರುವುದು ಮೊದಲು. ಸಾಮಾನ್ಯವಾಗಿ ನೀರೇ ಮೊದಲಿರುತ್ತದೆ. ಆದರೆ ಈ ಕ್ರಮ ಶೇಕಡ 1ರವರೆಗೆ ಮಾತ್ರ. ಅದಕ್ಕಿಂತ ಕಡಿಮೆ ಇರುವವುಗಳನ್ನು ಹೇಗೆ ಬೇಕಾದರೂ ಜೋಡಿಸಬಹುದು. ಅಲರ್ಜಿ ತರುವ ಸಂರಕ್ಷಕಗಳು ಮತ್ತು ಸುಗಂಧಗಳು ಬಹುತೇಕ ಈ ಕೊನೆಯ ಗುಂಪಿನಲ್ಲೇ ಇರುತ್ತವೆ. ಮೊದಲಿನ ನಾಲ್ಕೈದು ಹೆಸರು ಓದಿ ‘ಎಲ್ಲ ಒಳ್ಳೆಯದೇ ಇದೆ’ ಎಂದು ಸಮಾಧಾನಪಡುವವರು ತಪ್ಪು ತುದಿಯನ್ನು ಓದುತ್ತಿರುತ್ತಾರೆ. ಪಟ್ಟಿಯಲ್ಲಿ ಫಿನಾಕ್ಸಿಎಥನಾಲ್ ಎಂಬ ಸಂರಕ್ಷಕ ಕಂಡರೆ ನಾನು ಅಲ್ಲಿಂದ ಕೆಳಗೆ ಹೆಚ್ಚು ಗಮನವಿಟ್ಟು ಓದುತ್ತೇನೆ. ಅದನ್ನು ಸಾಮಾನ್ಯವಾಗಿ ಶೇಕಡ 1ಕ್ಕಿಂತ ಹೆಚ್ಚು ಬಳಸುವುದಿಲ್ಲವಾದ್ದರಿಂದ, ಅದರ ನಂತರದ ಹೆಸರುಗಳೆಲ್ಲ ತೀರಾ ಅಲ್ಪ ಪ್ರಮಾಣದವು ಎಂದು ಅಂದಾಜಿಸಬಹುದು.

ಲೇಬಲ್ ಮುಚ್ಚಿಡುವ ಜಾಗಗಳು ಎರಡು. ಒಂದು ಪರ್ಫ್ಯೂಮ್ ಎಂಬ ಒಂದೇ ಪದ, ಅದರ ಹಿಂದೆ ಹತ್ತಾರು ವಸ್ತುಗಳಿರಬಹುದು. ಇದು ಈಗ ಬಹಳ ಜನರಿಗೆ ಗೊತ್ತು. ಎರಡನೆಯದು ಅಷ್ಟಾಗಿ ಗೊತ್ತಿಲ್ಲ, ಶಿಕ್ಷಕಿಯ ಪ್ರಕರಣ ಬಿಡಿಸಿಕೊಂಡದ್ದೇ ಅಲ್ಲಿ.

ಮುಖ ಪೂರ್ತಿ ವಾಸಿಯಾಗಿ ಕೆಲವು ವಾರ ಕಳೆದ ಮೇಲೆ ಅವರಿಗೆ ಪ್ಯಾಚ್ ಟೆಸ್ಟ್ ಮಾಡಿದೆವು. ಚರ್ಮ ಕೆರಳಿರುವಾಗ ಇದನ್ನು ಮಾಡಬಾರದು, ಮುಟ್ಟಿದ್ದೆಲ್ಲ ಕೆಂಪಾಗುತ್ತದೆ. ಸ್ಟೀರಾಯ್ಡ್ ಮಾತ್ರೆ ನುಂಗುತ್ತಿರುವಾಗಲೂ ಸಲ್ಲದು, ಆಗ ಕೆಂಪಾಗಬೇಕಾದದ್ದೂ ಆಗದೇ ಹೋಗಬಹುದು. ಅಲರ್ಜಿ ತರುವ ವಸ್ತುಗಳನ್ನು ನಿಗದಿತ ಪ್ರಮಾಣದಲ್ಲಿ ಪುಟ್ಟ ಬಟ್ಟಲುಗಳಲ್ಲಿಟ್ಟು ಬೆನ್ನಿಗೆ ಪಟ್ಟಿಯಂತೆ ಅಂಟಿಸುತ್ತೇವೆ. ಎರಡು ದಿನ ಅದು ಹಾಗೇ ಇರಬೇಕು, ಬೆನ್ನು ನೆನೆಸುವಂತಿಲ್ಲ, ಬೆವರುವ ಕೆಲಸ ಕೂಡದು. ತೆಗೆದಾಗ ಒಮ್ಮೆ, ಮತ್ತೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತೇವೆ. ಎರಡನೆಯ ನೋಟ ತಪ್ಪಿಸಬಾರದು, ಎಷ್ಟೋ ಅಲರ್ಜಿಗಳು ಕಾಣಿಸಿಕೊಳ್ಳುವುದೇ ಆಗ. ಉಳಿದಿದ್ದ ಆ ಕ್ರೀಮನ್ನೂ ಒಂದು ಬಟ್ಟಲಿನಲ್ಲಿಟ್ಟಿದ್ದೆವು. ಹಚ್ಚಿ ತೊಳೆಯದೆ ಬಿಡುವ ಕ್ರೀಮ್‌ಗಳನ್ನು ಇದ್ದಂತೆಯೇ ಇಡಬಹುದು, ಸೋಪು, ಶಾಂಪೂಗಳನ್ನು ಹಾಗೆ ಇಡಬಾರದು.

ನಾಲ್ಕನೆಯ ದಿನ ಒಂದು ಜಾಗದಲ್ಲಿ ಕೆಂಪಾಗಿ, ಗಟ್ಟಿಯಾಗಿ ಉಬ್ಬಿ, ಮೇಲೆ ಪುಟ್ಟ ನೀರುಗುಳ್ಳೆಗಳಿದ್ದವು. ಅಲ್ಲಿ ಇಟ್ಟಿದ್ದದ್ದು ಮೀಥೈಲ್‌ಐಸೋಥಯಾಜೊಲಿನೋನ್ ಎಂಬ ಸಂರಕ್ಷಕ. ನೀರಿರುವ ವಸ್ತುಗಳಲ್ಲಿ ಸೂಕ್ಷ್ಮಜೀವಿ ಬೆಳೆಯದಂತೆ ಹಾಕುವಂಥದು. ಶಾಂಪೂ, ಪಾತ್ರೆ ತೊಳೆಯುವ ದ್ರವ, ಗೋಡೆಗೆ ಬಳಿಯುವ ನೀರಿನ ಬಣ್ಣ, ಎಲ್ಲದರಲ್ಲೂ ಇದರ ಬಳಕೆ ಇದೆ. ಅಲರ್ಜಿ ವಿಪರೀತವಾಗಿ ಹೆಚ್ಚಿದ್ದರಿಂದ ಹಚ್ಚಿ ಬಿಡುವ ಸೌಂದರ್ಯವರ್ಧಕಗಳಲ್ಲಿ ಇದನ್ನು ಐರೋಪ್ಯ ಒಕ್ಕೂಟ 2017ರಿಂದ ನಿಷೇಧಿಸಿದೆ. ಕ್ರೀಮ್ ಇಟ್ಟ ಜಾಗದಲ್ಲೂ ಸಣ್ಣದಾಗಿ ಕೆಂಪು ಉಬ್ಬಿತ್ತು. ಸುಗಂಧ ಮಿಶ್ರಣಗಳ ಜಾಗದಲ್ಲಿ ಏನೂ ಇರಲಿಲ್ಲ.

ಡಬ್ಬಿಯ ಲೇಬಲ್ ಮೇಲಿಂದ ಕೆಳಗೆ ಓದಿದೆವು. ಆ ಸಂರಕ್ಷಕದ ಹೆಸರು ಅಲ್ಲಿರಲಿಲ್ಲ.

ಕಂಪನಿ ಬಚ್ಚಿಟ್ಟಿದೆ ಎಂದು ಇಲ್ಲಿ ತೀರ್ಮಾನಿಸುವುದು ಸುಲಭ, ಶಿಕ್ಷಕಿ ಹಾಗೇ ತಿಳಿದರು. ಬೇರೊಂದು ಸಾಧ್ಯತೆ ಇದೆ. ಕ್ರೀಮ್ ತಯಾರಿಸುವವರು ಎಲ್ಲವನ್ನೂ ತಾವೇ ತಯಾರಿಸುವುದಿಲ್ಲ. ಲೋಳೆಸರದ ಸಾರ, ಹೂವಿನ ಸಾರ ಮುಂತಾದವು ಬೇರೆ ತಯಾರಕರಿಂದ ಪೀಪಾಯಿಗಳಲ್ಲಿ ಬರುತ್ತವೆ. ನೀರಿನಂಶವಿರುವ ಆ ಸಾರ ದಾರಿಯಲ್ಲಿ, ಗೋದಾಮಿನಲ್ಲಿ ಕೆಡಬಾರದೆಂದು ಅದನ್ನು ತಯಾರಿಸಿದವರೇ ಸಂರಕ್ಷಕ ಬೆರೆಸಿರುತ್ತಾರೆ. ಕ್ರೀಮಿಗೆ ಸಾರ ಹಾಕಿದಾಗ ಅದರ ಬೆನ್ನಿಗೇ ಈ ಸಂರಕ್ಷಕವೂ ಒಳಗೆ ಬರುತ್ತದೆ. ಅಷ್ಟು ಕಡಿಮೆ ಪ್ರಮಾಣ ಕ್ರೀಮಿನಲ್ಲಿ ಯಾವ ಕೆಲಸವನ್ನೂ ಮಾಡುವುದಿಲ್ಲ ಎಂಬ ಕಾರಣಕ್ಕೆ ಅನೇಕ ನಿಯಮಗಳು ಅದನ್ನು ಲೇಬಲ್‌ನಲ್ಲಿ ಬರೆಯದಿರಲು ಬಿಡುತ್ತವೆ. ಕ್ರೀಮಿನಲ್ಲಿ ಕೆಲಸ ಮಾಡದಿರಬಹುದು, ಈಗಾಗಲೇ ಅಲರ್ಜಿ ಇರುವವರ ರೆಪ್ಪೆಯ ಮೇಲೆ ಮಾಡುತ್ತದೆ. ಹತ್ತು ಲಕ್ಷದಲ್ಲಿ ಕೆಲವೇ ಭಾಗವಿದ್ದರೂ ಕೆಲವರಿಗೆ ಅಷ್ಟೇ ಸಾಕು. ನಿಯಮದ ಈ ಸಡಿಲಿಕೆ ನನಗೆ ಒಪ್ಪಿಗೆಯಿಲ್ಲ. ಅಲರ್ಜಿ ತರುತ್ತದೆಂದು ಚೆನ್ನಾಗಿ ಗೊತ್ತಿರುವ ವಸ್ತುಗಳಿಗಾದರೂ ಅದು ಅನ್ವಯಿಸಬಾರದು.

ಎರಡನೆಯ ಪತ್ರ ಬರೆಸಿದೆ. ಅದು ಮೊದಲನೆಯದರ ಕಾಲುಭಾಗವೂ ಇರಲಿಲ್ಲ. ಹಳೆಯ ದೂರಿನ ಸಂಖ್ಯೆ, ಬ್ಯಾಚ್ ಸಂಖ್ಯೆ, ಪರೀಕ್ಷೆಯ ಫಲಿತಾಂಶದ ಪ್ರತಿ, ಮತ್ತು ಒಂದೇ ಪ್ರಶ್ನೆ:

“ಈ ಬ್ಯಾಚಿನಲ್ಲಿ ಬಳಸಿದ ಯಾವುದಾದರೂ ಕಚ್ಚಾವಸ್ತು ನಿಮಗೆ ಪೂರೈಕೆಯಾಗುವಾಗಲೇ ಮೀಥೈಲ್‌ಐಸೋಥಯಾಜೊಲಿನೋನ್ ಅಥವಾ ಅದೇ ಗುಂಪಿನ ಬೇರೆ ಸಂರಕ್ಷಕವನ್ನು ಹೊಂದಿತ್ತೇ? ಪೂರೈಕೆದಾರರ ದಾಖಲೆಗಳನ್ನು ನೋಡಿ ತಿಳಿಸಿ.”

‘ನಿಮ್ಮ ಕ್ರೀಮಿನಲ್ಲಿ ಏನೇನಿದೆ’ ಎಂದು ಕೇಳಿದಾಗ ಲೇಬಲ್ ನೋಡಿ ಎನ್ನಬಹುದು. ಈ ಪ್ರಶ್ನೆಗೆ ಹಾಗೆನ್ನಲು ಬರುವುದಿಲ್ಲ. ಇದೆ ಅಥವಾ ಇಲ್ಲ ಎನ್ನಬೇಕು, ಎನ್ನುವ ಮೊದಲು ಯಾರಾದರೂ ಕಡತ ತೆಗೆದು ನೋಡಬೇಕು. ಸೂತ್ರವನ್ನು ಬಿಟ್ಟುಕೊಡಿ ಎಂದೂ ಇದು ಕೇಳುತ್ತಿಲ್ಲವಾದ್ದರಿಂದ ವ್ಯಾಪಾರದ ಗುಟ್ಟು ಎಂಬ ನೆಪವೂ ನಿಲ್ಲುವುದಿಲ್ಲ.

ಈ ಸಲ ಉತ್ತರ ಬರೆದವರು ಸುರಕ್ಷತಾ ವಿಭಾಗದವರು. ಲೋಳೆಸರದ ಸಾರವನ್ನು ಪೂರೈಸುವವರು ಅದರಲ್ಲಿ ಆ ಸಂರಕ್ಷಕ ಬಳಸುತ್ತಾರೆ, ಸಿದ್ಧ ಕ್ರೀಮಿನಲ್ಲಿ ಅದರ ಅಲ್ಪ ಅಂಶ ಉಳಿದಿರಬಹುದು ಎಂದು ಒಪ್ಪಿಕೊಂಡರು. ಪ್ರಕರಣವನ್ನು ದಾಖಲಿಸಿದ್ದೇವೆ ಎಂದೂ ಬರೆದರು. ಹಾಗೆ ನೇರವಾಗಿ ಒಪ್ಪಿಕೊಂಡದ್ದಕ್ಕೆ ನಾನು ಅವರಿಗೆ ವೈದ್ಯೆಯಾಗಿ ಬೇರೆಯೇ ಪತ್ರ ಬರೆದು ವಂದನೆ ತಿಳಿಸಿದೆ. ಎಲ್ಲ ಕಂಪನಿಗಳೂ ಹೀಗೆ ಮಾಡುವುದಿಲ್ಲ.

ಶಿಕ್ಷಕಿಗೆ ಆ ಹೆಸರನ್ನು ಅಕ್ಷರ ಅಕ್ಷರವಾಗಿ ಚೀಟಿಯಲ್ಲಿ ಬರೆದುಕೊಟ್ಟು, ಮನೆಯಲ್ಲಿರುವ ಪ್ರತಿಯೊಂದು ಸೀಸೆಯ ಹಿಂದೆ ಹುಡುಕಲು ಹೇಳಿದೆ. ಮುಖ ಒರೆಸುತ್ತಿದ್ದ ಒದ್ದೆ ಟಿಶ್ಯೂವಿನ ಪೊಟ್ಟಣದ ಮೇಲೆ ಅದು ಸ್ಪಷ್ಟವಾಗಿ ಅಚ್ಚಾಗಿತ್ತು. ಅಲರ್ಜಿ ಹುಟ್ಟಿದ್ದು ಬಹುಶಃ ಅಲ್ಲಿ, ಎದ್ದು ಕಂಡದ್ದು ಕ್ರೀಮಿನಲ್ಲಿ. ಕ್ರೀಮನ್ನು ಮಾತ್ರ ಬಿಟ್ಟು ಟಿಶ್ಯೂ ಮುಂದುವರಿಸಿದ್ದರೆ ಅವರ ರೆಪ್ಪೆಗಳು ಮತ್ತೆ ಮತ್ತೆ ಊದುತ್ತಿದ್ದವು.

ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಹಿರಿಯರೊಬ್ಬರು ಕೇಳಿದರು: “ಡಬ್ಬಿಯನ್ನು ಆಗಲೇ ಎಸೆದಿದ್ದರೆ, ರಸೀದಿಯೂ ಇಲ್ಲದಿದ್ದರೆ ಬರೆದು ಏನು ಪ್ರಯೋಜನ?”

ಹಣ ಸಿಗುವುದು ಕಷ್ಟವಾಗಬಹುದು, ಮಾಹಿತಿ ಕೇಳಲು ಅಡ್ಡಿಯಿಲ್ಲ. ಮೊಬೈಲಿನಿಂದ ಹಣ ಕೊಟ್ಟಿದ್ದರೆ ಅದರ ದಾಖಲೆ ಇರುತ್ತದೆ. ಅದರಿಂದ ಕೊಂಡ ದಿನ ಗೊತ್ತಾಗುತ್ತದೆ. ಬ್ಯಾಚ್ ಸಂಖ್ಯೆ ಸಿಗದಿದ್ದರೆ ಕೊಂಡ ಅಂಗಡಿಯ ಹೆಸರು ಮತ್ತು ದಿನವನ್ನು ಬರೆದು, ಆ ಸಮಯದಲ್ಲಿ ಮಾರಾಟದಲ್ಲಿದ್ದ ಬ್ಯಾಚುಗಳ ವಿವರ ಕೇಳಿ. ಅದೇ ಹೆಸರಿನ ಹೊಸ ಡಬ್ಬಿ ಕೊಂಡು ಅದರ ಲೇಬಲ್ ನೋಡಿದರೆ ಸಾಕೆಂದು ಕೆಲವರು ತಿಳಿಯುತ್ತಾರೆ. ಸಾಲದು, ಹೆಸರು ಹಾಗೇ ಇಟ್ಟುಕೊಂಡು ಸೂತ್ರ ಬದಲಾಯಿಸುವುದು ಮಾಮೂಲು. ನೆನಪಿನಿಂದ ಬರೆಯುವಾಗ ನೆನಪಿರುವಷ್ಟನ್ನೇ ಬರೆಯಿರಿ. ‘ಸುಮಾರು ಎರಡನೆಯ ವಾರ’ ಎಂದು ಬರೆದರೆ ತಪ್ಪಿಲ್ಲ, ಗೊತ್ತಿಲ್ಲದ ತಾರೀಖನ್ನು ಕಟ್ಟಿ ಬರೆದರೆ ಮುಂದೆ ಪೂರ್ತಿ ಪತ್ರವೇ ಅನುಮಾನಕ್ಕೀಡಾಗುತ್ತದೆ.

ಕಾಲೇಜು ವಿದ್ಯಾರ್ಥಿನಿಯೊಬ್ಬರು ಕೇಳಿದರು: “ಮೇಡಂ, ಕ್ರೀಮಿನಿಂದಲೇ ಆಗಿದ್ದು ಹೌದೋ ಅಲ್ಲವೋ ಎಂದು ನೋಡಲು ಸ್ವಲ್ಪ ಮತ್ತೆ ಹಚ್ಚಿ ನೋಡಬಹುದೇ?”

ಮುಖಕ್ಕೆ ಮಾತ್ರ ಬೇಡವೇ ಬೇಡ. ಎರಡನೆಯ ಸಲ ಮೊದಲಿಗಿಂತ ಬೇಗ ಬರಬಹುದು, ಜೋರಾಗಿಯೂ ಬರಬಹುದು. ಚರ್ಮ ಪೂರ್ತಿ ವಾಸಿಯಾದ ಮೇಲೆ, ವೈದ್ಯರು ಒಪ್ಪಿದರೆ, ಮೊಣಕೈಯ ಒಳಮಡಿಕೆಯ ಬಳಿ ನಾಣ್ಯದಷ್ಟು ಜಾಗದಲ್ಲಿ ದಿನಕ್ಕೆರಡು ಸಲ, ಒಂದು ವಾರದಿಂದ ಎರಡು ವಾರದವರೆಗೆ ಹಚ್ಚಿ ನೋಡುವ ಕ್ರಮವಿದೆ. ಕೆಂಪು, ತುರಿಕೆ ಕಂಡ ದಿನವೇ ನಿಲ್ಲಿಸಿ, ಆ ತಾರೀಖು ಬರೆದಿಟ್ಟು, ಚಿತ್ರ ತೆಗೆದಿಡಬೇಕು. ಏನೂ ಆಗದಿದ್ದರೂ ರೆಪ್ಪೆಗೆ ಅದು ಒಗ್ಗುತ್ತದೆಂದು ಹೇಳಲಾಗದು, ಮೊಣಕೈಯ ಚರ್ಮ ರೆಪ್ಪೆಗಿಂತ ದಪ್ಪ. ಮೊದಲ ಸಲ ಗುಳ್ಳೆ ಎದ್ದು ನೀರು ಒಸರಿದ್ದರೆ, ತುಟಿಯೋ ಗಂಟಲೋ ಊದಿದ್ದರೆ ಈ ಪ್ರಯೋಗವನ್ನೂ ಮನೆಯಲ್ಲಿ ಮಾಡಬಾರದು. ಅಂಥವರು ಡಬ್ಬಿಯನ್ನು ಮುಚ್ಚಳ ಬಿಗಿದು ತೆಗೆದಿಟ್ಟು, ಬರುವಾಗ ವೈದ್ಯರಲ್ಲಿಗೆ ತರಲಿ.